ಲೂಪ್ ಹಿಂದಕ್ಕೆ ಓಡಿದಾಗ: ರಾಡ್ ಕತ್ತರಿಸುವ ಲೆಕ್ಕದ ಒಂದು ಪ್ರಕರಣ

ಹಿನ್ನೆಲೆ

ಇದು ಒಂದು ಸಣ್ಣ ಸಾಫ್ಟ್‌ವೇರ್ ತಂಡದಲ್ಲಿ ನಡೆದದ್ದು. ತಂಡ ಯಾವುದು, ಗಿರಾಕಿ ಯಾರು ಎನ್ನುವುದನ್ನು ಬಿಟ್ಟಿದ್ದೇನೆ. ಬೆಲೆಪಟ್ಟಿಯನ್ನೂ ಬದಲಿಸಿ ಚಿಕ್ಕದು ಮಾಡಿದ್ದೇನೆ. ತಪ್ಪುಗಳು ಮಾತ್ರ ಹೇಗೆ ಆದವೋ ಹಾಗೇ ಇವೆ. ಕೋಡ್ ಬರೆದವರು ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದ್ದ ಒಬ್ಬ ಡೆವಲಪರ್. ಅದನ್ನು ಓದಿ ಒಪ್ಪಿಗೆ ಕೊಡಬೇಕಾದವನು ನಾನು. ಒಪ್ಪಿಗೆ ಕೊಟ್ಟೂ ಬಿಟ್ಟೆ. ಹಾಗಾಗಿ ಇದರಲ್ಲಿ ನನ್ನ ಪಾಲೂ ಇದೆ.

ಕೆಲಸ ಕೇಳೋಕೆ ಸುಲಭ. ಒಂದು ಉದ್ದನೆಯ ರಾಡ್ ಇದೆ. ಅದನ್ನು ತುಂಡು ಮಾಡಿ ಮಾರಬಹುದು, ಇಲ್ಲವೇ ಇಡಿಯಾಗಿ ಮಾರಬಹುದು. ಪ್ರತಿ ಉದ್ದದ ತುಂಡಿಗೂ ಒಂದು ಬೆಲೆ ಇದೆ. ಒಂದೇ ಅಳತೆಯ ತುಂಡನ್ನು ಎಷ್ಟು ಸಲ ಬೇಕಾದರೂ ಕತ್ತರಿಸಿಕೊಳ್ಳಬಹುದು. ಹೇಗೆ ಕತ್ತರಿಸಿದರೆ ಒಟ್ಟು ಬೆಲೆ ಜಾಸ್ತಿ ಬರುತ್ತದೆ ಎಂದು ಪ್ರೋಗ್ರಾಂ ಹೇಳಬೇಕು. ಪಟ್ಟಿ ಹೀಗಿತ್ತು:

```
ಉದ್ದ   1   2   3   4   5   6   7   8
ಬೆಲೆ   1   6  10  11  15  18  21  25
```

ಇದರ ಜೊತೆ ಗಿರಾಕಿಯಿಂದ ಒಂದೇ ಒಂದು ಉದಾಹರಣೆ ಬಂದಿತ್ತು: ರಾಡ್ ಉದ್ದ 5 ಆದರೆ ಉತ್ತರ 16. ಅಂದರೆ 3 ಮತ್ತು 2 ಎಂದು ಕತ್ತರಿಸಿ, 10 ಕೂಡಿಸು 6. ಈ ಸಾಧು ಉದಾಹರಣೆಯೇ ಮುಂದೆ ನಮ್ಮನ್ನು ಎರಡು ಸಲ ಕೆಡವಿತು.

ಮೊದಲ ಎರಡು ಪ್ರಯತ್ನ

ಮೊದಲು ಡೆವಲಪರ್ ಬರೆದದ್ದು ಎಲ್ಲರಿಗೂ ಹೊಳೆಯುವ ದಾರಿ. ಪ್ರತಿ ತುಂಡಿನ ಬೆಲೆಯನ್ನು ಅದರ ಉದ್ದದಿಂದ ಭಾಗಿಸು. ಯಾವುದಕ್ಕೆ ದರ ಹೆಚ್ಚೋ ಅದನ್ನು ಹಿಡಿಸುವಷ್ಟು ಕತ್ತರಿಸು, ಉಳಿದದ್ದರಲ್ಲಿ ಮತ್ತೆ ಹಾಗೇ ಮಾಡು. ನಮ್ಮ ಪಟ್ಟಿಯಲ್ಲಿ 3ರ ತುಂಡಿಗೆ ದರ ಎಲ್ಲಕ್ಕಿಂತ ಹೆಚ್ಚು, ಒಂದು ಅಳತೆಗೆ 3.33. ಉದ್ದ 5 ಕೊಟ್ಟರೆ ಮೊದಲು 3, ಉಳಿದ 2ಕ್ಕೆ 2ರ ತುಂಡು. ಉತ್ತರ 16. ಟೆಸ್ಟ್ ಪಾಸ್.

ನನಗೆ ಅನುಮಾನ ಬಂದು ಬೋರ್ಡ್ ಮೇಲೆ 4 ಎಂದು ಬರೆದೆ. "ಇದಕ್ಕೆ ನಿಮ್ಮ ಕೋಡ್ ಏನು ಹೇಳುತ್ತೆ?" ಎಂದು ಕೇಳಿದೆ. 3 ತೆಗೆದುಕೊಂಡರೆ 1 ಉಳಿಯುತ್ತದೆ, ಒಟ್ಟು 11. ಆದರೆ 2 ಮತ್ತು 2 ಮಾಡಿದರೆ 12. ಅವರು ಒಂದು ಕ್ಷಣ ನೋಡಿ, "ಹಾಗಾದ್ರೆ 7ಕ್ಕೂ ಕೆಡುತ್ತೆ ಸರ್" ಎಂದರು. ಸರಿಯಾಗಿ ಹಿಡಿದಿದ್ದರು. 3, 3, 1 ಎಂದರೆ 21. 3, 2, 2 ಎಂದರೆ 22. ಮೂರರಿಂದ ಭಾಗಿಸಿದಾಗ 1 ಉಳಿಯುವ ಉದ್ದ, 4ರಿಂದ ಮುಂದಕ್ಕೆ, ಎಲ್ಲಿ ಬಂದರೂ ಈ ದಾರಿ ಕೈಕೊಡುತ್ತದೆ. ಒಳ್ಳೆ ದರದ ತುಂಡನ್ನು ಆಸೆಪಟ್ಟು ತೆಗೆದುಕೊಂಡರೆ ಕೊನೆಗೆ 1ರ ಚೂರು ಉಳಿಯುತ್ತದೆ, ಅದಕ್ಕೆ ಬೆಲೆ ಬರೀ 1. ದರ ಹೆಚ್ಚಿರುವುದು ಮುಖ್ಯವೇ, ಆದರೆ ಉಳಿಯುವ ತುಂಡು ಏನಾಗುತ್ತದೆ ಎನ್ನುವುದೂ ಅಷ್ಟೇ ಮುಖ್ಯ.

ಬೋರ್ಡ್ ಒರೆಸಿ ಇಬ್ಬರೂ ನಮ್ಮ ಜಾಗಕ್ಕೆ ಹೋದೆವು. 4 ಎನ್ನುವ ಆ ಉದಾಹರಣೆ ಟೆಸ್ಟ್ ಫೈಲಿಗೆ ಹೋಗಲೇ ಇಲ್ಲ. ಅದು ನನಗೆ ಹೊಳೆಯಬೇಕಿತ್ತು.

ಎರಡನೆಯದು ರಿಕರ್ಷನ್. ಮೊದಲ ತುಂಡು ಯಾವುದು ಎಂದು ಎಲ್ಲ ಅಳತೆಯನ್ನೂ ಒಂದೊಂದಾಗಿ ಹಾಕಿ ನೋಡು, ಉಳಿದ ಉದ್ದಕ್ಕೆ ಅದೇ ಪ್ರಶ್ನೆ ಮತ್ತೆ ಕೇಳು.

```python
def slow(n, items):
    best = 0
    for size, price in items:
        if size <= n:
            best = max(best, price + slow(n - size, items))
    return best
```

ಇದು ಸರಿಯಾದ ಕೋಡ್. ಸಮಸ್ಯೆ ಇರುವುದು ವೇಗದಲ್ಲಿ ಮಾತ್ರ. ಪ್ರತಿ ಉದ್ದಕ್ಕೂ ಬೆಲೆ ಇದ್ದರೆ, ರಾಡಿನ ಉದ್ದ ಒಂದು ಹೆಚ್ಚಾದ ಹಾಗೆ ಫಂಕ್ಷನ್ ಕರೆಗಳು ದುಪ್ಪಟ್ಟಾಗುತ್ತವೆ. ಉದ್ದ 30 ಆದರೆ ಸುಮಾರು 107 ಕೋಟಿ ಕರೆ. ಅವರು 30 ಹಾಕಿ ಓಡಿಸಿ, ಟೀ ಕುಡಿದು ಬಂದರು. ಅದು ಇನ್ನೂ ಓಡುತ್ತಲೇ ಇತ್ತು. "ಇದು ಪ್ರಯೋಜನ ಇಲ್ಲ" ಎಂದು ಫೈಲನ್ನು ಪಕ್ಕಕ್ಕಿಟ್ಟರು. ಅಳಿಸಲಿಲ್ಲ, ಪುಣ್ಯ.

ಎರವಲು ತಂದ ಕೋಡ್

ಇಲ್ಲಿಂದ ಡೈನಾಮಿಕ್ ಪ್ರೋಗ್ರಾಮಿಂಗ್ ಬೇಕು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಒಂದೇ ಉದ್ದದ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಒಮ್ಮೆ ಲೆಕ್ಕ ಹಾಕಿ ಅರೇಯಲ್ಲಿ ಇಟ್ಟುಕೊಂಡರೆ ಆಯಿತು. ಈ ಲೆಕ್ಕ, ಮಿತಿ ಇರುವ ಚೀಲಕ್ಕೆ ಆದಷ್ಟು ಹೆಚ್ಚು ಮೌಲ್ಯದ ಸಾಮಾನು ತುಂಬುವ ನ್ಯಾಪ್‌ಸ್ಯಾಕ್ ಜಾತಿಯದು ಎನ್ನುವುದನ್ನೂ ಅವರು ಸರಿಯಾಗಿ ಗುರುತಿಸಿದರು. ರಾಡ್ ಅಂದರೆ ಚೀಲ, ಅದರ ಉದ್ದವೇ ಚೀಲದ ಮಿತಿ. ತುಂಡುಗಳೇ ಸಾಮಾನು: ಉದ್ದವೇ ತೂಕ, ಬೆಲೆಯೇ ಮೌಲ್ಯ. ಹಿಂದೆ ಬೇರೊಂದು ಕೆಲಸಕ್ಕೆ ಬರೆದಿದ್ದ ನ್ಯಾಪ್‌ಸ್ಯಾಕ್ ಕೋಡ್ ಅವರ ಬಳಿ ಇತ್ತು. ಅದನ್ನೇ ತಂದು ಹೆಸರು ಬದಲಿಸಿದರು.

```python
def best_price(n, items):
    dp = [0] * (n + 1)
    for size, price in items:
        for j in range(n, size - 1, -1):
            dp[j] = max(dp[j], dp[j - size] + price)
    return dp[n]
```

ಉದ್ದ 5ಕ್ಕೆ 16. ಟೆಸ್ಟ್ ಪಾಸ್. ಉದ್ದ ಸಾವಿರಗಟ್ಟಲೆ ಇದ್ದರೂ ಉತ್ತರ ಕೂಡಲೇ ಬರುತ್ತಿತ್ತು. ನಾನು ಓದಿದೆ. ಚೊಕ್ಕವಾಗಿದೆ, ನೋಡಿದ ಕೋಡೇ ಅನಿಸಿತು. ಒಪ್ಪಿಗೆ ಕೊಟ್ಟೆ. ಎಲ್ಲೋ ನೋಡಿದ ಹಾಗಿದೆ ಎಂದೇ ನಾನು ಸರಿಯಾಗಿ ಓದಲಿಲ್ಲ, ಈಗ ಯೋಚಿಸಿದರೆ.

ಕೆಲವು ದಿನಗಳ ಮೇಲೆ ಗಿರಾಕಿಯ ಕಡೆಯಿಂದ ಒಂದು ಸಾಲಿನ ದೂರು ಬಂತು. ಉದ್ದ 6ರ ರಾಡಿಗೆ ಹೆಚ್ಚೆಂದರೆ 18 ಅನ್ನುತ್ತಿದೆ, ಎರಡು 3 ಮಾಡಿದರೆ 20 ಬರುತ್ತದಲ್ಲವೇ? ಹೌದು, ಬರುತ್ತದೆ. ಬೆರಳಲ್ಲಿ ಎಣಿಸಿದರೂ ಬರುತ್ತದೆ.

ಮೊದಲ ಪರಿಹಾರ ಸರಿಯಿತ್ತು, ಆದರೂ ಬೇಡವೆಂದೆವು

ಡೆವಲಪರ್ ಬೇಗ ಒಂದು ಸುಳಿವು ಹಿಡಿದರು: ಉತ್ತರಗಳಲ್ಲಿ ಯಾವ ಅಳತೆಯೂ ಎರಡು ಸಲ ಬರುತ್ತಿಲ್ಲ. 5ಕ್ಕೆ ಬೇಕಾದದ್ದು 3 ಮತ್ತು 2, ಎರಡೂ ಬೇರೆ ಬೇರೆ. ಅದಕ್ಕೇ ಅದು ಪಾಸಾಗಿತ್ತು. 4ಕ್ಕೆ ಎರಡು 2 ಬೇಕು, 6ಕ್ಕೆ ಎರಡು 3 ಬೇಕು. 7ಕ್ಕೂ 8ಕ್ಕೂ ಒಂದೊಂದು ತುಂಡು ಎರಡು ಸಲ ಬೇಕು. ಈ ನಾಲ್ಕೂ ತಪ್ಪು.

ಅವರ ಮೊದಲ ಪರಿಹಾರ ಜಾಣತನದ್ದೇ. ಪ್ರತಿ ತುಂಡನ್ನೂ ಪಟ್ಟಿಯಲ್ಲಿ ಹಿಡಿಸುವಷ್ಟು ಸಲ ನಕಲು ಮಾಡಿಬಿಟ್ಟರು. ಉದ್ದ 8 ಆದರೆ 1ರ ತುಂಡು ಎಂಟು ಸಲ, 2ರ ತುಂಡು ನಾಲ್ಕು ಸಲ, 3 ಮತ್ತು 4 ಎರಡೆರಡು ಸಲ, ಉಳಿದವು ಒಂದೊಂದು. ಎಂಟು ಸಾಲಿನ ಪಟ್ಟಿ ಇಪ್ಪತ್ತು ಸಾಲಾಯಿತು. ಉತ್ತರಗಳೆಲ್ಲ ಸರಿಯಾದವು.

ಇದನ್ನು ಬಿಡುವುದೇ ಇಟ್ಟುಕೊಳ್ಳುವುದೇ ಎಂದು ಸ್ವಲ್ಪ ಮಾತಾಯಿತು. ಸರಿಯಾದ ಉತ್ತರ ಬರುತ್ತಿದೆ, ಗಿರಾಕಿ ಕಾಯುತ್ತಿದ್ದಾರೆ. ಆದರೆ ಚಿಕ್ಕ ತುಂಡು, ಉದ್ದ ರಾಡ್ ಸೇರಿದರೆ ನಕಲುಗಳು ಸುಮ್ನೆ ಬೆಳೆಯುತ್ತವೆ. ಉದ್ದ 6000ಕ್ಕೆ 1ರ ತುಂಡೊಂದೇ ಆರು ಸಾವಿರ ಸಾಲು ತಿನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆ. ಮೂಲ ಕೋಡ್ ಒಂದು ತುಂಡನ್ನು ಎರಡನೇ ಸಲ ಯಾಕೆ ಬಿಡುತ್ತಿಲ್ಲ ಎಂದು ನಮ್ಮಿಬ್ಬರಲ್ಲಿ ಯಾರೂ ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಕಾರಣ ಗೊತ್ತಿಲ್ಲದೆ ಮುಚ್ಚಿದ ತೂತು ಅದು. ಹಾಗಾಗಿ ಕಾಗದ ತೆಗೆದುಕೊಂಡು ಕೂತೆವು.

ಕಾಗದದ ಮೇಲೆ ಉದ್ದ 4

ಕೋಡಿನಲ್ಲಿ ಒಳಗಿನ ಲೂಪ್ ದೊಡ್ಡ ಉದ್ದದಿಂದ ಚಿಕ್ಕದಕ್ಕೆ ಇಳಿಯುತ್ತದೆ. ಹಾಗೆ ಇಳಿಯುತ್ತಾ 1ರ ತುಂಡು ಮುಗಿಸಿದೆವು. ಉದ್ದ 0ಯಿಂದ 4ರವರೆಗೆ ಅರೇ ಹೀಗಾಯಿತು: 0, 1, 1, 1, 1. ಉದ್ದ 4ಕ್ಕೂ ಬೆಲೆ 1 ಮಾತ್ರ. 1ರ ತುಂಡು ನಾಲ್ಕು ಸಲ ಬರಬೇಕಿತ್ತು, ಒಂದೇ ಸಲ ಬಂದಿದೆ. ಇಲ್ಲೇ ಕಳ್ಳ ಸಿಕ್ಕಿಬಿದ್ದ.

ಮುಂದೆ 2ರ ತುಂಡು. ಮೊದಲು ಉದ್ದ 4ರ ಸರದಿ. `dp[2]`ಗೆ 6 ಕೂಡಿಸಬೇಕು. ಆದರೆ ಆ ಹೊತ್ತಿಗೆ `dp[2]`ನಲ್ಲಿ ಏನಿದೆ? ಇನ್ನೂ ಹಳೆಯ 1. 2ರ ತುಂಡು ಅಲ್ಲಿಗೆ ಬಂದೇ ಇಲ್ಲ, ಏಕೆಂದರೆ ನಾವು ಮೇಲಿನಿಂದ ಇಳಿಯುತ್ತಿದ್ದೇವೆ. ಹಾಗಾಗಿ 7 ಬಂತು. ಆಮೇಲೆ `dp[2]`ಗೆ 6 ಬಂತು ನಿಜ, ಆದರೆ 4ರ ಸರದಿ ಮುಗಿದುಹೋಗಿತ್ತು.

ಈಗ ಅದೇ ಲೂಪನ್ನು ಚಿಕ್ಕದರಿಂದ ದೊಡ್ಡದಕ್ಕೆ ಓಡಿಸಿದೆವು. 1ರ ತುಂಡು ಮುಗಿದಾಗ ಅರೇ 0, 1, 2, 3, 4. ಮುಂದೆ 2ರ ತುಂಡು. ಮೊದಲು ಉದ್ದ 2ರ ಸರದಿ, ಅಲ್ಲಿ 6 ಕೂತಿತು. ಉದ್ದ 3ಕ್ಕೆ 7. ಆಮೇಲೆ ಉದ್ದ 4ರ ಸರದಿ: `dp[2]` ಈಗಾಗಲೇ 6, ಅದಕ್ಕೆ ಇನ್ನೊಂದು 6 ಸೇರಿ 12. ಒಂದು 2ರ ತುಂಡು ಸೇರಿಯೇ ಆಗಿದ್ದ ಮೊತ್ತದ ಮೇಲೆ ಇನ್ನೊಂದು 2ರ ತುಂಡು ಬಂದು ಕೂತಿತು.

ಅಷ್ಟೇ ವಿಷಯ. ಎರವಲು ತಂದ ಕೋಡ್ ಪ್ರತಿ ಸಾಮಾನೂ ಒಂದೇ ಇರುವ ಚೀಲಕ್ಕೆ ಬರೆದದ್ದು. ಅಲ್ಲಿ ಮೇಲಿನಿಂದ ಇಳಿಯುವುದು ಬೇಕೆಂದೇ ಮಾಡಿದ ಏರ್ಪಾಡು, ಒಂದು ಸಾಮಾನು ಎರಡು ಸಲ ನುಸುಳಬಾರದು ಎಂದು. ಅದು ಕಾವಲುಗಾರ. ನಮ್ಮ ರಾಡಿಗೆ ಆ ಕಾವಲುಗಾರ ಬೇಡ. ಬದಲಾದದ್ದು ಒಂದೇ ಸಾಲು:

```python
        for j in range(size, n + 1):
```

ನಕಲು ಮಾಡಿದ ಇಪ್ಪತ್ತು ಸಾಲು ಕಿತ್ತುಹಾಕಿದೆವು. 4ಕ್ಕೆ 12, 6ಕ್ಕೆ 20, 7ಕ್ಕೆ 22, 8ಕ್ಕೆ 26.

ನನ್ನ ಮಟ್ಟಿಗೆ ರಾಡ್ ಲೆಕ್ಕಕ್ಕೆ ಇನ್ನೊಂದು ರೂಪ ಇದಕ್ಕಿಂತ ಹಿತ: ಎರಡು ಲೂಪ್‌ಗಳನ್ನು ಅದಲು ಬದಲು ಮಾಡುವುದು. ಹೊರಗೆ ಉದ್ದ, ಒಳಗೆ ತುಂಡುಗಳು. ಆಗ ಉದ್ದ 4ಕ್ಕೆ ಬರುವಷ್ಟರಲ್ಲಿ 0ಯಿಂದ 3ರವರೆಗಿನ ಉತ್ತರ ಪೂರ್ತಿ ಮುಗಿದಿರುತ್ತದೆ. ಹಿಂದೆಮುಂದೆ ಎಂಬ ಗೊಂದಲಕ್ಕೇ ಜಾಗವಿಲ್ಲ. ರಿಕರ್ಷನ್‌ಗೆ ನೆನಪಿನ ಅರೇ ಜೋಡಿಸಿದರೂ ಹಾಗೇ. ಅತಿ ಹೆಚ್ಚು ಬೆಲೆ ಹುಡುಕುವಾಗ ಎರಡು ರೂಪಕ್ಕೂ ಉತ್ತರ ಒಂದೇ. ಎಷ್ಟು ರೀತಿಯಲ್ಲಿ ಕತ್ತರಿಸಬಹುದು ಎಂದು ಎಣಿಸುವಾಗ ಮಾತ್ರ ಬೇರೆಯಾಗುತ್ತದೆ, ಯಾಕೆಂದರೆ 3-2 ಮತ್ತು 2-3 ಅಲ್ಲಿ ಒಂದೋ ಎರಡೋ ಎನ್ನುವ ಪ್ರಶ್ನೆ ಬರುತ್ತದೆ. ಅದು ನಮಗೆ ಬೇಕಿರಲಿಲ್ಲ.

ಪಕ್ಕಕ್ಕಿಟ್ಟ ಫೈಲ್ ಸಾಕ್ಷಿಗೆ ಬಂತು

ಸರಿ ಮಾಡಿದೆವು ಎಂದು ನಂಬುವುದು ಹೇಗೆ? ಎರಡು ಸಲ ಒಂದೇ ಉದಾಹರಣೆಯನ್ನು ನಂಬಿ ಬಿದ್ದಿದ್ದೆವು. ಆಗ ಅವರಿಗೇ ಹೊಳೆದದ್ದು ಆ ನಿಧಾನದ ರಿಕರ್ಷನ್. ಉದ್ದ 30ಕ್ಕೆ ಅದು ಆಗದು, ಆದರೆ 12ರವರೆಗೆ ಆರಾಮಾಗಿ ಓಡುತ್ತದೆ. ಅದರಲ್ಲಿ ಅರೇ ಇಲ್ಲ, ಲೂಪಿನ ದಿಕ್ಕಿನ ತಂಟೆ ಇಲ್ಲ. ಹಾಗಾಗಿ ನಮ್ಮ ವೇಗದ ಕೋಡ್ ಮಾಡುವ ತಪ್ಪನ್ನೇ ಅದೂ ಮಾಡುವ ಸಾಧ್ಯತೆ ಕಡಿಮೆ. ಮನಬಂದಂತೆ ಬೆಲೆಪಟ್ಟಿ ಹುಟ್ಟಿಸಿ, ಉದ್ದ 1ರಿಂದ 12ರವರೆಗೆ ಎರಡರ ಉತ್ತರವನ್ನೂ ಹೋಲಿಸುವ ಒಂದು ಟೆಸ್ಟ್ ಬರೆದರು. ಹಳೆಯ, ಹಿಂದಕ್ಕೆ ಓಡುವ ಕೋಡನ್ನು ಅದಕ್ಕೆ ಕೊಟ್ಟು ನೋಡಿದೆವು. ಮೊದಲ ಪಟ್ಟಿಯಲ್ಲೇ ಬಿತ್ತು. ಹೊಸದು ನಿಂತಿತು. ಕೆಟ್ಟ ಕೋಡನ್ನು ಟೆಸ್ಟ್ ಹಿಡಿಯುತ್ತದೆಯೇ ಎಂದು ಮೊದಲು ನೋಡಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಆ ಟೆಸ್ಟನ್ನೂ ಸುಮ್ನೆ ನಂಬಬೇಕಿತ್ತು.

ಎಲ್ಲಿ ಕತ್ತರಿಸಬೇಕು?

ಗಿರಾಕಿಗೆ ಬೆಲೆ ಒಂದೇ ಸಾಲದು, ತುಂಡುಗಳ ಪಟ್ಟಿಯೂ ಬೇಕು. ಇದಕ್ಕೆ ಅದಲು ಬದಲಾದ ರೂಪವನ್ನೇ ಬಳಸಿದೆವು. ಪ್ರತಿ ಉದ್ದಕ್ಕೂ ಕೊನೆಗೆ ಗೆದ್ದ ತುಂಡು ಯಾವುದು ಎಂದು `pick` ಎನ್ನುವ ಇನ್ನೊಂದು ಅರೇಯಲ್ಲಿ ಬರೆದಿಡುವುದು. ಆಮೇಲೆ ಪೂರ್ತಿ ಉದ್ದದಿಂದ ಶುರುಮಾಡಿ, ಬರೆದಿಟ್ಟ ತುಂಡನ್ನು ಕಳೆಯುತ್ತಾ ಸೊನ್ನೆಗೆ ಬರುವುದು.

```python
    out = []
    while n > 0:
        out.append(pick[n])
        n -= pick[n]
```

ನಮ್ಮ ಪಟ್ಟಿಗೆ ಇದು ಚೆನ್ನಾಗಿ ನಡೆಯಿತು. 7 ಕೊಟ್ಟರೆ 3, 2, 2 ಇದೇ ತುಂಡುಗಳು ಹೊರಬಂದವು. ಆಮೇಲೆ ಗಿರಾಕಿ ಇನ್ನೊಂದು ಬಗೆಯ ರಾಡಿಗೆ ಬೇರೆ ಪಟ್ಟಿ ಕೊಟ್ಟರು. ಅದರಲ್ಲಿ ಎರಡೇ ಅಳತೆ: 3ಕ್ಕೆ 10, 5ಕ್ಕೆ 15. ಉದ್ದ 7 ಕೊಟ್ಟ ಕೂಡಲೇ ಪ್ರೋಗ್ರಾಂ ಹೆಪ್ಪುಗಟ್ಟಿತು. ಮೆಮೊರಿ ಮಾತ್ರ ಏರುತ್ತಾ ಹೋಯಿತು.

ನಿಲ್ಲಿಸಿ `out` ನೋಡಿದರೆ: 3, 3, ಆಮೇಲೆ ಸಾಲುಸಾಲಾಗಿ ಸೊನ್ನೆ. 7ರಿಂದ 3 ಕಳೆದರೆ 4, ಮತ್ತೆ 3 ಕಳೆದರೆ 1. ಉದ್ದ 1ಕ್ಕೆ ಯಾವ ತುಂಡೂ ಹಿಡಿಸುವುದಿಲ್ಲ, ಹಾಗಾಗಿ `pick[1]` ಸೊನ್ನೆ. ಸೊನ್ನೆ ಕಳೆದರೆ 1 ಅಲ್ಲೇ ಇರುತ್ತದೆ. ಮೊದಲ ಪಟ್ಟಿಯಲ್ಲಿ 1ರ ತುಂಡು ಇತ್ತಲ್ಲ, ಚೂರು ಉಳಿಯುವ ಮಾತೇ ಇರಲಿಲ್ಲ. ಅದಕ್ಕೆ ಈ ಬಿರುಕು ಕಾಣಿಸಿರಲಿಲ್ಲ.

ಕೋಡ್ ಸರಿಮಾಡುವುದು ಸುಲಭ: ಲೂಪಿನ ಷರತ್ತಿಗೆ `and pick[n] > 0` ಸೇರಿಸಿ, ಕೊನೆಗೆ `n`ನಲ್ಲಿ ಉಳಿದದ್ದನ್ನು ವ್ಯರ್ಥ ಎಂದು ತೋರಿಸಿದರೆ ಆಯಿತು. ಆದರೆ ಅದರ ಹಿಂದೆ ನಾವು ಯಾರನ್ನೂ ಕೇಳದ ಒಂದು ಪ್ರಶ್ನೆ ಇತ್ತು. ಅರೇಯನ್ನು ಎಲ್ಲ ಕಡೆ ಸೊನ್ನೆಯಿಂದ ಶುರುಮಾಡಿದರೆ, ಚೂರು ಉಳಿದರೂ ಪರವಾಗಿಲ್ಲ ಎಂದು ನಾವೇ ತೀರ್ಮಾನಿಸಿದ ಹಾಗೆ. ಚೂರು ಉಳಿಯಲೇಬಾರದು ಎಂದಿದ್ದರೆ `dp[0]` ಮಾತ್ರ ಸೊನ್ನೆ, ಉಳಿದೆಲ್ಲ ಮೈನಸ್ ಅನಂತದಿಂದ ಶುರುವಾಗಬೇಕು. ಆಗ 3 ಮತ್ತು 5ರಿಂದ 7 ಮಾಡೋಕೆ ಆಗಲ್ಲ ಎಂದು ಕೋಡ್ ನೇರವಾಗಿ ಹೇಳುತ್ತದೆ. ಗಿರಾಕಿಯನ್ನು ಕೇಳಿದೆವು. ಚೂರು ಉಳಿದರೆ ತೊಂದರೆ ಇಲ್ಲ, ಎಷ್ಟು ಉಳಿಯಿತು ಎಂದು ತೋರಿಸಿ ಸಾಕು ಎಂದರು.

ಕತ್ತರಿಸುವ ಕೂಲಿ

ಇಷ್ಟರಲ್ಲಿ ಕೊನೆಯ ಬೇಡಿಕೆ ಬಂತು: ಪ್ರತಿ ಕತ್ತರಿಕೆಗೂ 2 ಖರ್ಚಾಗುತ್ತದೆ, ಅದನ್ನು ಕಳೆಯಬೇಕು. ಮೊದಲ ಪಟ್ಟಿಯಲ್ಲಿ ಉದ್ದ 4ಕ್ಕೆ ಈಗ ಎರಡು 2 ಮಾಡಿದರೆ 12ರಲ್ಲಿ 2 ಹೋಗಿ 10, ಇಡಿಯಾಗಿ ಮಾರಿದರೆ 11. ಉತ್ತರವೇ ತಿರುಗಿತು.

ಡೆವಲಪರ್ ಒಂದು ಚೆಂದದ ಉಪಾಯ ತಂದರು. ತುಂಡುಗಳಿಗಿಂತ ಕತ್ತರಿಕೆ ಯಾವಾಗಲೂ ಒಂದು ಕಡಿಮೆ. ಹಾಗಾದರೆ ಪ್ರತಿ ತುಂಡಿನ ಬೆಲೆಯಿಂದಲೂ 2 ಕಳೆದು, ಹಳೆಯ ಕೋಡನ್ನೇ ಓಡಿಸಿ, ಕೊನೆಗೆ ಒಂದು 2 ವಾಪಸ್ ಕೂಡಿಸಿದರೆ ಆಯಿತು. ಮೊದಲ ಪಟ್ಟಿಗೆ, ಉದ್ದ 1 ಒಂದನ್ನು ಬಿಟ್ಟರೆ, ಇದು ಸರಿ. ಎರಡನೇ ಪಟ್ಟಿಯಲ್ಲಿ 7ಕ್ಕೆ ಹಾಕಿ ನೋಡಿ. 3, 3 ಮತ್ತು ಉಳಿದ ಚೂರು 1. ಚೂರನ್ನು ಬೇರ್ಪಡಿಸೋಕೂ ಒಂದು ಕತ್ತರಿಕೆ ಬೇಕಲ್ವಾ? ಮಾರುವ ತುಂಡು ಎರಡು, ಕತ್ತರಿಕೆಯೂ ಎರಡು. ನಿಜವಾದ ಉತ್ತರ 16, ಉಪಾಯದ ಉತ್ತರ 18.

ಕೊನೆಗೆ ಎರಡು ಲೆಕ್ಕ ಮಾಡಿ ದೊಡ್ಡದನ್ನು ತೆಗೆದುಕೊಂಡೆವು: ಚೂರು ಉಳಿಯದ ಹಾಗೆ ಕತ್ತರಿಸಿ 2 ವಾಪಸ್ ಕೂಡಿಸಿದ್ದು ಒಂದು, ಚೂರಿಗೆ ಅವಕಾಶ ಕೊಟ್ಟು ಏನೂ ಕೂಡಿಸದ್ದು ಇನ್ನೊಂದು. ಈ ಸಲ ಒಪ್ಪಿಗೆ ಕೊಡುವ ಮೊದಲು ನಾನು ಟೆಸ್ಟ್ ಫೈಲ್ ತೆರೆದೆ. ಮೊದಲ ಸಾಲಿನಲ್ಲೇ ಇತ್ತು: ಉದ್ದ 4, ಕೂಲಿ 0, ಉತ್ತರ 12.